ಮುಂದಿನ ಸೀಟಿನ ಮಗಳು

ಇಂಚರಳನ್ನು ಯಾವ ಶಾಲೆಗೆ ಸೇರಿಸುವುದು ಎಂಬ ಮಾತು ಆ ಮನೆಯಲ್ಲಿ ಕಾಫಿ ಕುಯ್ಲಿನ ಜೊತೆಗೇ ಶುರುವಾಗಿತ್ತು. ಕುಯ್ಲು ಮುಗಿದು, ಬೀಜ ಒಣಗಿ, ಚೀಲ ತುಂಬಿ ಲಾರಿ ಹತ್ತಿ ಹೋದರೂ ಮಾತು ಮಾತ್ರ ಕಣದಲ್ಲೇ ಬಿದ್ದಿತ್ತು. ಮೇ ತಿಂಗಳಿಗೆ ಮಗುವಿಗೆ ಆರು ತುಂಬುತ್ತದೆ, ಅಂಗನವಾಡಿಯ ಹಾಡುಗಳೆಲ್ಲ ಬಾಯಿಗೆ ಬಂದಿವೆ, ಒಂದನೇ ಕ್ಲಾಸಿಗೆ ಹಾಕಲೇಬೇಕು. ಎಲ್ಲಿಗೆ ಅನ್ನುವುದೇ ಪ್ರಶ್ನೆ. ಅಪ್ಪ ಧರ್ಮೇಶ್‌ಗೆ ಒಂದು ಆಸೆ, ಅಜ್ಜಿ ಮುತ್ತಮ್ಮನಿಗೆ ಇನ್ನೊಂದು. ಅಮ್ಮ ಮೋನಿಕಾಗೆ ಇದ್ದದ್ದು ಆಸೆಯಲ್ಲ, ಹಟ. ಇಂಚರಳನ್ನು ಯಾರೂ ಕೇಳಿರಲಿಲ್ಲ. ಇಂಥ ವಿಷಯಕ್ಕೆ ಮಕ್ಕಳನ್ನು ಯಾರು ಕೇಳುತ್ತಾರೆ ಹೇಳಿ!

ಮೋನಿಕಾಳ ಹಟಕ್ಕೆ ಕಾರಣ ಇತ್ತು. ಬಾಳೂರಿನ ಹತ್ತಿರದ ಒಂದು ಹೋಂಸ್ಟೇಯಲ್ಲಿ ಅವಳಿಗೆ ಕೆಲಸ. ಬಂದವರ ಹೆಸರು ಬರೆದುಕೊಳ್ಳುವುದು, ರೂಮಿನ ಕೀಲಿ ಕೊಡುವುದು, ಬಿಸಿನೀರು ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಎಂದು ಹೇಳುವುದು. ಕನ್ನಡದಲ್ಲಾದರೆ ಅವಳನ್ನು ಮಾತಿನಲ್ಲಿ ಸೋಲಿಸುವವರು ಆ ಸುತ್ತಿನಲ್ಲಿ ಇಲ್ಲ. ಇಂಗ್ಲಿಷ್ ಬಂತೋ, ನಾಲಿಗೆಗೆ ಕೀಲಿ ಬಿತ್ತು ಎಂದೇ ಲೆಕ್ಕ. ಡಿಸೆಂಬರ್ ರಜೆಯಲ್ಲಿ ಪಟ್ಟಣದ ಕಡೆಯಿಂದ ಬಂದಿದ್ದ ಒಂದು ಸಣ್ಣ ಹುಡುಗಿ, ಇಂಚರಳಷ್ಟೇ ಇರಬೇಕು, ಮೋನಿಕಾ ಅಷ್ಟು ಕಷ್ಟಪಟ್ಟು ಜೋಡಿಸಿ ಹೇಳಿದ ಒಂದು ಇಂಗ್ಲಿಷ್ ವಾಕ್ಯವನ್ನು ಕೇಳಿ, "ಹಾಗಲ್ಲ ಆಂಟಿ," ಎಂದು ತಿದ್ದಿತು. ಅದರ ಅಪ್ಪ ಅಮ್ಮ ನಕ್ಕರು. ಹೋಂಸ್ಟೇಯ ಯಜಮಾನರೂ ನಕ್ಕರು. ಪಾಪ, ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮೋನಿಕಾ ಕೂಡ ನಕ್ಕಳು, ಆಮೇಲೆ ಟವೆಲ್ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತಿದ್ದಳು. ತನ್ನ ಮಗಳು ಯಾರೆದುರೂ ಹೀಗೆ ನಿಲ್ಲಬಾರದು ಎಂದು ಅವತ್ತೇ ನಿರ್ಧರಿಸಿದಳು.

ಹಟ ಮಾಡುವುದಕ್ಕೆ ಕಾಸು ಖರ್ಚಿಲ್ಲ, ಶಾಲೆಗೆ ಇದೆ. ಜೀಪಿನ ಸಾಲದ ಕಂತು, ಇನ್ಶೂರೆನ್ಸು, ಮನೆ ಖರ್ಚು ಎಲ್ಲ ಕಳೆದು ಮೂವರೂ ಸೇರಿ ಒಂದು ಮೊತ್ತ ಗೊತ್ತು ಮಾಡಿದ್ದರು. ಧರ್ಮೇಶ್‌ನ ಬಾಡಿಗೆ ಜೀಪಿನಿಂದ ಇಪ್ಪತ್ತು, ಮೋನಿಕಾಳ ಸಂಬಳದಿಂದ ಹದಿನೈದು, ಮುತ್ತಮ್ಮನ ಕುಯ್ಲಿನ ಕೂಲಿಯಿಂದ ಹತ್ತು. ವರ್ಷಕ್ಕೆ ನಲವತ್ತೈದು ಸಾವಿರ. ಅದರ ಮೇಲೆ ಒಂದು ರೂಪಾಯಿ ಇಲ್ಲ, ಯಾರ ಹತ್ತಿರವೂ ಕೈಗಡ ಕೇಳುವ ಹಾಗಿಲ್ಲ ಎಂದು ಮುತ್ತಮ್ಮ ಒಲೆಯ ಮುಂದೆ ಕೂತು ಆಣೆ ಹಾಕಿಸಿಕೊಂಡಿದ್ದರು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ, ಮೋನಿಕಾ ಫೋನ್ ಹಿಡಿದು ಲೆಕ್ಕ ಶುರು ಮಾಡಿದಳು. ಮುತ್ತಮ್ಮ ಒಪ್ಪಲಿಲ್ಲ.

"ಫೋನಲ್ಲಿ ದುಡ್ಡು ಕಾಣಲ್ಲ ಮಾರಾಯ್ತಿ. ಕೂಡ್ದೆ ಅಂತಿ, ಕಳ್ದೆ ಅಂತಿ, ನಂಗೆಂತ ಗೊತ್ತಾಗುತ್ತೆ? ಇರು," ಎಂದು ಒಳಗಿನಿಂದ ಮೊರ ತಂದರು. ಅದರಲ್ಲಿ ಒಂದು ಹಿಡಿ ಕಾಫಿ ಬೀಜ, ಮನೆ ಕಾಫಿಗೆಂದು ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿ ಇಟ್ಟುಕೊಂಡ ಪಾರ್ಚ್‌ಮೆಂಟು. ನಲವತ್ತೈದು ಬೀಜ ಎಣಿಸಿ ಮಧ್ಯಕ್ಕೆ ಸರಿಸಿ ಉಳಿದದ್ದನ್ನು ಡಬ್ಬಿಗೆ ಹಾಕಿದರು. "ಒಂದು ಬೀಜ ಒಂದು ಸಾವ್ರ. ಈಗ ಹೇಳು ನೋಡುವ."

ಮೊದಲನೆಯದು ಬಣಕಲ್ ದಾಟಿ ಮೂಡಿಗೆರೆ ರಸ್ತೆಯಲ್ಲಿರುವ ಇಂಗ್ಲಿಷ್ ಶಾಲೆ. ಅದೇ ಮೋನಿಕಾಳ ಶಾಲೆ. ಎರಡು ಮಹಡಿ, ಆಟದ ಮೈದಾನ, ಟೈ, ಗೇಟಿನಲ್ಲಿ ನಿಂತು ಗುಡ್ ಮಾರ್ನಿಂಗ್ ಹೇಳುವ ಮೇಡಂ. ಎರಡನೆಯದು ಧರ್ಮೇಶ್‌ನ ಕಣ್ಣಿದ್ದ, ಕೊಟ್ಟಿಗೆಹಾರದ ಹತ್ತಿರದ ಸಣ್ಣ ಖಾಸಗಿ ಶಾಲೆ. ಫೀಸು ಕಡಿಮೆಯೇ, ಆದರೆ ದೀಪಾವಳಿಗೆ ಇದ್ದ ಟೀಚರು ಸಂಕ್ರಾಂತಿಗೆ ಇರುವುದಿಲ್ಲ. ಮೂರನೆಯದು ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಸರ್ಕಾರಿ ಶಾಲೆ. ಬರುವ ಜೂನ್‌ನಿಂದ ಒಂದನೇ ಕ್ಲಾಸಿಗೆ ಇಂಗ್ಲಿಷ್ ವಿಭಾಗವೂ ಬರುತ್ತದೆ ಎಂದು ಅಲ್ಲಿನ ವಸಂತಮ್ಮ ಟೀಚರು ಮನೆಮನೆಗೆ ಬಂದು ಹೇಳಿ ಹೋಗಿದ್ದರು. ಫೀಸಿಲ್ಲ, ಪುಸ್ತಕ, ಯೂನಿಫಾರಂ, ಮಧ್ಯಾಹ್ನದ ಊಟ ಎಲ್ಲ ಅಲ್ಲೇ. ಮುತ್ತಮ್ಮನ ಮನಸ್ಸು ಅಲ್ಲಿತ್ತು. "ನಾನೂ ಸರ್ಕಾರಿ ಶಾಲೇಲೇ ಓದಿದ್ದು ಅತ್ತೆ, ನೋಡಿ ಎಲ್ಲಿದೀನಿ," ಎಂದು ಮೋನಿಕಾ ಆ ಮಾತನ್ನು ಎದ್ದಲ್ಲೇ ಕೂರಿಸಿದಳು.

"ದೊಡ್ಡ ಶಾಲೇಲಿ ಬಡವ್ರಿಗೆ ಪುಕ್ಕಟೆ ಸೀಟು ಇರುತ್ತಂತಲ್ಲ?" ಎಂದ ಧರ್ಮೇಶ್.

"ವಿಚಾರಿಸಿ ಆಯ್ತು ರೀ. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ರೆ ಆ ಸೀಟು ಸಿಗಲ್ಲ."

"ಹಂಗಾದ್ರೆ ಇಡಮ್ಮ ಬೀಜ," ಎಂದ ಅವನು.

ಫೀಸಿಗೆ ಇಪ್ಪತ್ತು ಬೀಜ ಒಂದು ಕಡೆ ಹೋಯಿತು. ವ್ಯಾನಿಗೆ ತಿಂಗಳಿಗೆ ಒಂದೂವರೆ ಸಾವಿರ, ವರ್ಷದಲ್ಲಿ ಹತ್ತು ತಿಂಗಳು. ಹದಿನೈದು ಬೀಜ ಹೋಯಿತು. ಪುಸ್ತಕ, ಯೂನಿಫಾರಂ, ಶೂ, ಬ್ಯಾಗು ಸೇರಿ ಆರು. ಡ್ಯಾನ್ಸು, ಕರಾಟೆ, ವಾರ್ಷಿಕೋತ್ಸವ ಎಲ್ಲಕ್ಕೂ ಸೇರಿಸಿ ಆಕ್ಟಿವಿಟಿ ಫೀಸು ಎರಡೂವರೆ ಸಾವಿರ, ಅದು ಬೇಡ ಅನ್ನುವ ಹಾಗಿಲ್ಲ. ಅರ್ಧ ಬೀಜ ಎಲ್ಲಿಂದ ತರುವುದು? ಮುತ್ತಮ್ಮ ಸೊಂಟದ ಚೀಲದಿಂದ ಅಡಿಕೆ ಕತ್ತರಿ ತೆಗೆದು ಕಟಕ್ಕೆಂದು ಒಂದು ಬೀಜವನ್ನು ಎರಡು ಮಾಡಿದರು. ಇನ್ನು ಟ್ಯೂಷನ್. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಲ್ಲ, ಟ್ಯೂಷನ್ ಬೇಕೇ ಬೇಕು. ಕೊಟ್ಟಿಗೆಹಾರದಲ್ಲಿ ತಿಂಗಳಿಗೆ ಐನೂರು. ಐದು ಬೀಜ ಇಡಲು ಹೋದರೆ ಮೊರದ ಮಧ್ಯದಲ್ಲಿ ಉಳಿದದ್ದು ಒಂದೂವರೆ.

ಮೂವರೂ ಮೊರವನ್ನೇ ನೋಡಿದರು. ಇಂಚರ ಬಂದು ಒಂದು ಬೀಜ ಎತ್ತಿಕೊಳ್ಳಲು ಹೋದಳು. "ಮುಟ್ಟಬೇಡ, ಅದು ನಿನ್ ಡ್ಯಾನ್ಸು," ಎಂದು ಧರ್ಮೇಶ್ ಕೈ ತಡೆದ.

ಆಮೇಲೆ ಶುರುವಾಯಿತು ನೋಡಿ ಕೊರೆಯುವ ಕೆಲಸ. ಫೀಸು ಒಂದೇ ಕಂತಿನಲ್ಲಿ ಕಟ್ಟಿದರೆ ಸಾವಿರ ಬಿಡುತ್ತಾರೆ ಎಂದು ಮೋನಿಕಾ ಶಾಲೆಯ ಮೇಡಂಗೆ ಫೋನ್ ಮಾಡಿ ತಿಳಿದುಕೊಂಡಳು. ಟ್ಯೂಷನ್ನಿಗೆ ಕೊಟ್ಟಿಗೆಹಾರವೇ ಯಾಕೆ? ಪಕ್ಕದ ಮನೆಯ ಮೇಘಶ್ರೀ ಡಿಗ್ರಿ ಮುಗಿಸಿ ಬಿ.ಎಡ್‌ಗೆ ಸೇರಲು ಕಾಯುತ್ತಿದ್ದಾಳೆ. ಇಂಚರಳಿಗೆ ಎ ಬಿ ಸಿ ಡಿ ಕಲಿಸಿದ್ದೂ ಅವಳೇ. ಮುನ್ನೂರಕ್ಕೆ ಒಪ್ಪಿದಳು. ಅಷ್ಟಾದರೂ ಅರ್ಧ ಬೀಜ ಕಮ್ಮಿ ಬಿತ್ತು. ಆ ಐನೂರು ತಮ್ಮ ಲೆಕ್ಕಕ್ಕೆ ಎಂಬ ಗುರುತಿಗೆ ಮುತ್ತಮ್ಮ ಕತ್ತರಿಸಿದ ಅರ್ಧ ಬೀಜವನ್ನು ತಮ್ಮ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡರು.

"ಇದು ನಂದು. ಈ ವರ್ಷ ಎಲೆ ಅಡಿಕೆ ಕಮ್ಮಿ ತಿಂತೀನಿ. ಹಲ್ಲಾದ್ರೂ ಉಳೀಲಿ."

ಮೋನಿಕಾಗೆ ಕಣ್ಣು ತುಂಬಿತು. ಸರ್ಕಾರಿ ಶಾಲೆ ಸಾಕು ಎಂದು ವಾದ ಮಾಡಿದ ಅತ್ತೆಯೇ ಈ ಅರ್ಧ ಬೀಜ ಕೊಟ್ಟಿದ್ದಾರೆ. ಅವಳು ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿದಳು.

ಶಾಲೆ ನೋಡಿ ಬರಲು ಮುಂದಿನ ವಾರ ಎಲ್ಲರೂ ಜೀಪಿನಲ್ಲಿ ಹೋದರು. ಇಂಚರ ಎಂದಿನ ಹಾಗೆ ಮುಂದಿನ ಸೀಟಿನಲ್ಲಿ, ಅಮ್ಮನ ತೊಡೆಯ ಮೇಲೆ. ಜೀಪ್ ಓಡಿಸುವವನ ಮಗಳು ಹಿಂದೆ ಕೂರುವುದುಂಟೇ? ಹುಟ್ಟಿದಾಗಿನಿಂದ ಆ ಮಗು ಮುಂದಿನ ಗಾಜಿನಲ್ಲೇ ಊರು ನೋಡಿದೆ. ಕಳಸಕ್ಕೆ ಹೋದರೂ ಅಲ್ಲೇ, ಮೂಡಿಗೆರೆ ಆಸ್ಪತ್ರೆಗೆ ಹೋದರೂ ಅಲ್ಲೇ. ತಿರುವು ಬರುವ ಮೊದಲೇ "ಎಡಕ್ಕೆ! ಬಲಕ್ಕೆ!" ಎಂದು ಕೂಗುತ್ತಾಳೆ, ಅಪ್ಪ ಹಾರ್ನ್ ಮಾಡದಿದ್ದರೆ ಬೈಯುತ್ತಾಳೆ. "ನೋಡು ನನ್ ಕಂಡಕ್ಟರು," ಎಂದು ಧರ್ಮೇಶ್ ಎದೆ ಉಬ್ಬಿಸಿದ. ಶಾಲೆಯ ಮೇಡಂ ಮಗುವನ್ನು ಎರಡು ಪ್ರಶ್ನೆ ಕೇಳಿ, ಬಣ್ಣ ಗುರುತಿಸಲು ಹೇಳಿ, ಬೆನ್ನು ತಟ್ಟಿದರು. ಫೀಸು ಕಟ್ಟುವ ಮೊದಲು ಬೇಕಾದರೆ ಒಂದೆರಡು ದಿನ ಬಂದು ಕ್ಲಾಸಿನಲ್ಲಿ ಕೂತು ಹೋಗಲಿ, ಹೊಸ ಮಕ್ಕಳಿಗೆ ಹಾಗೆ ಅವಕಾಶ ಇದೆ ಎಂದರು. ವ್ಯಾನಿನ ಅರುಣ್ ಧರ್ಮೇಶ್‌ಗೆ ಗೊತ್ತಿದ್ದವನೇ. "ಕಳ್ಸಿ ಅಣ್ಣ, ನನ್ ವ್ಯಾನಲ್ಲೇ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ," ಎಂದ.

ಮಾರ್ಚ್ ಮೊದಲ ವಾರ. ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದವು, ಗಾಳಿಯೆಲ್ಲ ಅದೇ ಘಮ. ಇಂಚರ ಹೊಸ ಫ್ರಾಕು ಹಾಕಿಕೊಂಡು, ಎರಡು ಜಡೆ ಕಟ್ಟಿಸಿಕೊಂಡು ಅರುಣ್‌ನ ವ್ಯಾನು ಹತ್ತಿದಳು. ಹಿಂದಿನಿಂದ ಎರಡನೇ ಸಾಲು, ಇಬ್ಬರು ದೊಡ್ಡ ಹುಡುಗರ ನಡುವೆ. ಮೋನಿಕಾ ಕೈ ಬೀಸಿ ಕೆಲಸಕ್ಕೆ ಹೋದಳು. ರಿಜಿಸ್ಟರ್ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ್ದಾಳೆ ಅಷ್ಟೇ, ಫೋನು ಬಂತು.

"ಅಕ್ಕಾ, ಅರುಣ್. ಗಾಬ್ರಿ ಬೀಳ್ಬೇಡಿ. ಪಾಪು ವಾಂತಿ ಮಾಡ್ತು."

"ಎಲ್ಲಿ?"

"ಎಲ್ಲಿ ಅಂತ ಹೇಳ್ಲಿ? ಕೊಟ್ಟಿಗೆಹಾರ ಬರೋಕ್ಕಿಂತ ಮೊದ್ಲೇ ಒಂದ್ಸಲ, ಬಣಕಲ್ ಹತ್ರ ಒಂದ್ಸಲ. ಪಕ್ಕದ ಹುಡ್ಗನ ಶೂ ಮೇಲೂ ಬಿತ್ತು. ಅವನೂ ಈಗ ಅಳ್ತಿದಾನೆ."

ಹೊರಗೆ ಬಿದ್ದಿತು ನೋಡಿ ಆ ಮನೆಯವರ ತಪ್ಪು! ಬೇರೆ ಯಾರಾದರೂ ಆಗಿದ್ದರೆ ಮಗುವನ್ನು ಎಂದೋ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಎಂದೋ ಸೀರೆ ಒಗೆದುಕೊಂಡು, ಮಗುವಿಗೆ ತಿರುವು ಆಗುವುದಿಲ್ಲ ಎಂದು ಗೊತ್ತು ಮಾಡಿಕೊಳ್ಳುತ್ತಿದ್ದರು. ಇವರಿಗೆ ಮನೆಯಲ್ಲೇ ಜೀಪು, ಮಗಳಿಗೆ ಯಾವಾಗಲೂ ಮುಂದಿನ ಸೀಟು, ಮುಖಕ್ಕೆ ಗಾಳಿ, ಕಣ್ಣಿಗೆ ರಸ್ತೆ. ನಲವತ್ತೈದು ಬೀಜ ಎಣಿಸಿದರು, ಅರ್ಧ ಬೀಜಕ್ಕೂ ಕತ್ತರಿ ಹಾಕಿದರು, ಹೊಟ್ಟೆಯೊಂದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಸಂಜೆ ವ್ಯಾನಿನಿಂದ ಇಳಿದ ಇಂಚರ ಒಗೆದು ಹಿಂಡಿದ ಬಟ್ಟೆಯ ಹಾಗಿದ್ದಳು. ಧರ್ಮೇಶ್‌ಗೆ ಮಗಳ ಸಂಕಟಕ್ಕಿಂತ ಮಾನ ಹೋದ ಸಂಕಟವೇ ದೊಡ್ಡದಾಯಿತು. "ನನ್ ಮಗಳಿಗೆ ತಿರುವಾಗಲ್ವಾ? ಅವ್ನು ಬ್ರೇಕ್ ಹೊಡಿಯೋದು ಸರಿ ಇಲ್ಲ," ಎಂದು ಅರುಣ್‌ನ ಮೇಲೆ ಹಾಕಿದ.

"ಅಣ್ಣ, ನನ್ ಬ್ರೇಕಿನ ಸುದ್ದಿಗೆ ಬರ್ಬೇಡಿ. ಇಪ್ಪತ್ತು ಮಕ್ಕಳಲ್ಲಿ ಹತ್ತೊಂಬತ್ತು ಸರಿ ಇದ್ವು."

"ಮುಂದೆ ಕೂರಿಸ್ಕೊಳ್ಳೋ ಮಾರಾಯ."

"ಮುಂದೆ ಆಯಾ ಕೂರ್ತಾರೆ. ಸಣ್ಣ ಮಕ್ಕಳನ್ನ ಮುಂದೆ ಕೂರಿಸಿದ್ರೆ ಶಾಲೆಯವ್ರು ನನ್ನನ್ನೇ ಕೆಳಗಿಳಿಸ್ತಾರೆ. ನೀವೇ ಬಿಡಿ ದಿನಾ ಜೀಪಲ್ಲಿ."

ಅದೊಂದು ಆಗದ ಮಾತು. ಬೆಳಿಗ್ಗೆ ಶಾಲೆಯ ಹೊತ್ತಿಗೇ ಧರ್ಮೇಶ್ ತೋಟದ ಕೆಲಸದವರನ್ನು ಕಳಸದ ಕಡೆಗೆ ಕರೆದುಕೊಂಡು ಹೋಗಬೇಕು. ಆ ಟ್ರಿಪ್ಪು ತಪ್ಪಿದರೆ ಅವನ ಇಪ್ಪತ್ತು ಬೀಜವೂ ತಪ್ಪಿದ ಹಾಗೆ. ಬಾಳೂರಿನ ಬಸ್ಸಿಗೂ ಅದೇ ರಸ್ತೆ, ಅದೇ ತಿರುವು. ಕೊಟ್ಟಿಗೆಹಾರದ ಸಣ್ಣ ಶಾಲೆಗೆ ಹೋಗಬೇಕಾದರೂ ಮೊದಲ ವಾಂತಿಯ ಜಾಗ ದಾಟಲೇಬೇಕು.

ಮನೆಮದ್ದು ಶುರುವಾಯಿತು. ಮುತ್ತಮ್ಮ ನಿಂಬೆಹಣ್ಣು ಮೂಸಲು ಕೊಟ್ಟರು, ಹುಣಸೆಹಣ್ಣಿಗೆ ಉಪ್ಪು ಹಚ್ಚಿ ಉಂಡೆ ಕಟ್ಟಿದರು, ಹೊಟ್ಟೆಯ ಮೇಲೆ ಅಂಗಿಯ ಒಳಗೆ ನ್ಯೂಸ್‌ಪೇಪರ್ ಇಟ್ಟರೆ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರಿಂದ ಹಳೆಯ ಪೇಪರು ಮಡಚಿ ಇಟ್ಟರು. ಮೋನಿಕಾ ಡಾಕ್ಟರ ಹತ್ತಿರ ಹೋಗಿ ಬಂದಳು. "ಯಾವತ್ತೋ ಒಂದಿನ ದೂರ ಹೋಗೋದಾದ್ರೆ ಮಾತ್ರೆ ಕೊಡಬಹುದಮ್ಮ. ದಿನಾ ಎರಡು ಹೊತ್ತು ಕೊಟ್ಟರೆ ಮಗು ಕ್ಲಾಸಲ್ಲಿ ನಿದ್ದೆ ಹೊಡೆಯುತ್ತೆ. ದೊಡ್ಡವರಾಗ್ತಾ ಎಷ್ಟೋ ಮಕ್ಕಳಿಗೆ ತಾನೇ ಕಡಿಮೆ ಆಗುತ್ತೆ," ಎಂದರು. ದೊಡ್ಡವಳಾಗುವವರೆಗೆ ಕಾಯುವ ತಾಳ್ಮೆ ಮೋನಿಕಾಗೆ ಇರಲಿಲ್ಲ. ಮಾರ್ಚ್ ಕೊನೆಯೊಳಗೆ ಫೀಸು ಕಟ್ಟಿದರೆ ಮಾತ್ರ ಆ ಸಾವಿರ ಬಿಡುವುದು.

ಅಷ್ಟು ದಿನವೂ ಅವಳ ಎದೆಯಲ್ಲಿ ಒಂದು ಸಿಟ್ಟು ಕುದಿಯುತ್ತಲೇ ಇತ್ತು. ಯಾರ ಮೇಲೆ ಅಂತ ಅವಳಿಗೇ ಗೊತ್ತಿಲ್ಲ. ರಸ್ತೆ ಮಾಡಿದವರ ಮೇಲೋ, ಈ ಗುಡ್ಡದ ಮೇಲೋ. ಇಷ್ಟೆಲ್ಲ ಹೊಂದಿಸಿ, ಅತ್ತೆಯ ಎಲೆ ಅಡಿಕೆಯನ್ನೂ ಕಿತ್ತುಕೊಂಡು, ಕಡೆಗೆ ನಾಲ್ಕು ತಿರುವಿಗೆ ಸೋಲುವುದೇ? "ಇನ್ನೊಂದ್ಸಲ ನೋಡುವ ಪುಟ್ಟ. ಈ ಸಲ ಆಗಲ್ಲ ನೋಡು. ನೀನು ಆ ಶಾಲೆಗೆ ಹೋಗ್ಲೇಬೇಕು, ಅಮ್ಮಂಗೆ ಎಷ್ಟು ಇಷ್ಟ ಗೊತ್ತಾ?" ಎಂದು ಜಡೆ ಹಾಕುತ್ತಾ ಹೇಳಿದಳು. ಇಂಚರ ತಲೆಯಾಡಿಸಿದಳು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಹುಣಸೆ ಉಂಡೆ, ಹೊಟ್ಟೆಯ ಮೇಲೆ ಪೇಪರು. ಯುದ್ಧಕ್ಕೆ ಹೊರಟವಳ ಹಾಗೆ ವ್ಯಾನು ಹತ್ತಿದಳು.

ಈ ಸಲ ಫೋನು ಬರಲಿಲ್ಲ. ಮೋನಿಕಾ ಹತ್ತು ಸಲ ಫೋನು ತೆಗೆದು ನೋಡಿದಳು, ಇಲ್ಲವೇ ಇಲ್ಲ. ಸಂಜೆ ವ್ಯಾನು ಬಂದು ನಿಂತಾಗ ಅರುಣ್ ಕಿಟಕಿಯಿಂದಲೇ ಕೂಗಿದ. "ಅಕ್ಕಾ, ಒಂದು ಹನಿ ಇಲ್ಲ! ಹೋಗ್ತಾನೂ ಇಲ್ಲ, ಬರ್ತಾನೂ ಇಲ್ಲ. ಎಂತ ಮದ್ದು ಮಾಡಿದ್ರಿ ನಮ್ಗೂ ಹೇಳಿ!"

ಫ್ರಾಕು ಬೆಳಿಗ್ಗೆ ಹಾಕಿದ ಹಾಗೇ ಇತ್ತು. ಮೋನಿಕಾ ಮಗಳನ್ನು ಎತ್ತಿಕೊಂಡು ರಸ್ತೆಯಲ್ಲೇ ಒಂದು ಸುತ್ತು ತಿರುಗಿಸಿದಳು. ಮುತ್ತಮ್ಮ ನಿಂಬೆಹಣ್ಣಿನದೇ ಪ್ರತಾಪ ಎಂದರು, ಧರ್ಮೇಶ್ ತನ್ನ ರಕ್ತದ ಪ್ರತಾಪ ಎಂದ. ಇಂಚರ ಮಾತ್ರ ನೀರು ಕೇಳಿ, ಒಂದು ಚೊಂಬು ಪೂರ್ತಿ ಕುಡಿದು ಮಲಗಿಬಿಟ್ಟಳು. ಸುಸ್ತಾಗಿದೆ ಪಾಪ ಎಂದುಕೊಂಡರು.

ಮಾರನೇ ದಿನ ಹತ್ತೊಂಬತ್ತು ಸಾವಿರ ಬ್ಯಾಗಿನಲ್ಲಿಟ್ಟುಕೊಂಡು ಅಪ್ಪ, ಅಮ್ಮ, ಮಗಳು ಜೀಪಿನಲ್ಲಿ ಹೊರಟರು. ಇಂಚರ ಮುಂದೆ. ಎಡಕ್ಕೆ, ಬಲಕ್ಕೆ, ಹಾರ್ನ್! ಎಂದಿನ ಹಾಗೇ. ಶಾಲೆಯ ಆಫೀಸಿನಲ್ಲಿ ಪ್ರಸನ್ನಕುಮಾರ್ ಎಂಬ ಕ್ಲರ್ಕು ಕಂಪ್ಯೂಟರಿನ ಮುಂದೆ ಕೂತಿದ್ದರು. ದಪ್ಪ ಕನ್ನಡಕ, ಮೆತ್ತಗಿನ ಮಾತು. ಹೆಸರು, ಹುಟ್ಟಿದ ತಾರೀಕು, ಆಧಾರ್ ಎಲ್ಲ ತುಂಬಿಸಿಕೊಂಡರು. ಮೋನಿಕಾ ನೋಟಿನ ಕಟ್ಟು ಮೇಜಿನ ಮೇಲಿಟ್ಟಳು.

"ವ್ಯಾನೂ ಬೇಕಲ್ವಾ? ಬಾಳೂರು ಕಡೆದು," ಎಂದು ಟೈಪ್ ಮಾಡುತ್ತಲೇ ಅವರು ಮಗುವಿನ ಕಡೆ ನೋಡಿ ನಕ್ಕರು. "ಏನಮ್ಮ, ಮೊದಲನೇ ದಿನ ನಮ್ಮ ವ್ಯಾನೆಲ್ಲ ತೊಳೆಸಿದ್ಯಂತೆ! ನಿನ್ನೆ ಜಾಣೆ ಆಗಿಬಿಟ್ಯಂತೆ?"

ಹೊಗಳಿದ್ದೇ ತಡ, ಇಂಚರ ಮೇಜಿಗೆ ಗಲ್ಲ ಊರಿ ನಿಂತಳು.

"ನಿನ್ನೇನೂ ಬಂತು. ನಾನು ಹೊರಗೆ ಬಿಡ್ಲಿಲ್ಲ."

"ಹೊರಗೆ ಬಿಡ್ಲಿಲ್ಲ ಅಂದ್ರೆ?"

"ಬಾಯಿಗೆ ಬಂದಾಗೆಲ್ಲ ನುಂಗ್ದೆ. ಹೀಗೆ." ತುಟಿ ಬಿಗಿಯಾಗಿ ಮುಚ್ಚಿ, ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು, ಕಣ್ಣು ದೊಡ್ಡದು ಮಾಡಿ ತೋರಿಸಿದಳು. "ತುಂಬಾ ಸಲ. ಉರಿ ಆಗುತ್ತೆ. ಆಮೇಲೆ ಸರಿ ಹೋಗುತ್ತೆ."

ಪ್ರಸನ್ನಕುಮಾರ್ ಟೈಪ್ ಮಾಡುವುದನ್ನು ನಿಲ್ಲಿಸಿದರು. ಮೋನಿಕಾ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಯಾಕೆ ಪುಟ್ಟ? ಅರುಣ್ ಮಾಮಂಗೆ ಹೇಳ್ಬಹುದಿತ್ತಲ್ಲ? ವ್ಯಾನ್ ನಿಲ್ಲಿಸ್ತಿದ್ರಲ್ಲ?"

"ಹೇಳಿದ್ರೆ ಈ ಶಾಲೆ ಬೇಡ ಅಂತೀರಿ. ನಿಂಗೆ ಬೇಕಲ್ವಾ ಅಮ್ಮ?"

ನಿಂಗೆ ಬೇಕಲ್ವಾ ಅಮ್ಮ. ಯಾರನ್ನೂ ದೂರಿದ ಮಾತಲ್ಲ ಅದು. ಹಬ್ಬಕ್ಕೆ ಅಮ್ಮನಿಗೆ ಹೂ ತಂದುಕೊಟ್ಟ ಹಾಗೆ ಹೇಳಿದಳು. ಮೋನಿಕಾ ಆ ಎರಡೂ ಪುಟ್ಟ ಕೈ ಹಿಡಿದುಕೊಂಡಳು. ತನ್ನ ಮಗಳು ಯಾರೆದುರೂ ಬಾಯಿ ಕಟ್ಟಿ ನಿಲ್ಲಬಾರದು ಎಂದಲ್ಲವೇ ಇಷ್ಟೆಲ್ಲ ಮಾಡಿದ್ದು? ಆ ಮಗು ಹೋಗುವಾಗ ಬರುವಾಗ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿತ್ತು, ಅದೂ ತನಗಾಗಿ. ಅವಳು ಎದ್ದು ಮೇಜಿನ ಮೇಲಿದ್ದ ಕಟ್ಟನ್ನು ತೆಗೆದು ಬ್ಯಾಗಿಗೆ ಹಾಕಿದಳು.

"ಏಯ್, ಎಂತ ಮಾಡ್ತಿದೀಯ?" ಎಂದ ಧರ್ಮೇಶ್. "ಹೋಗ್ತಾ ಹೋಗ್ತಾ ಅಭ್ಯಾಸ ಆಗುತ್ತೆ ಮಾರಾಯ್ತಿ."

"ಯಾವುದು ರೀ ಅಭ್ಯಾಸ ಆಗೋದು? ನುಂಗೋದಾ? ನನ್ ಮಗಳಿಗೆ ಅದು ಅಭ್ಯಾಸ ಆಗೋದು ಬೇಡ."

ಪ್ರಸನ್ನಕುಮಾರ್ ಕನ್ನಡಕ ಒರೆಸಿಕೊಂಡು, "ರಸೀದಿ ಇನ್ನೂ ಹಾಕಿಲ್ಲಮ್ಮ, ಏನೂ ತೊಂದ್ರೆ ಇಲ್ಲ. ಐದನೇ ಕ್ಲಾಸಿಗೋ ಆರನೇ ಕ್ಲಾಸಿಗೋ ಬನ್ನಿ, ಅಲ್ಲೂ ಹೊಸ ಮಕ್ಕಳನ್ನ ತಗೋತೀವಿ. ನನ್ ಮಗನೂ ಹೀಗೇ ಇದ್ದ, ಈಗ ಲಾರಿ ಹಿಂದೆ ನಿಂತ್ಕೊಂಡು ಹೋಗ್ತಾನೆ," ಎಂದರು.

ವಾಪಸು ಬರುವಾಗ ಜೀಪಿನಲ್ಲಿ ಮೋನಿಕಾ ಅತ್ತಳು. ಬಿಕ್ಕಿ ಬಿಕ್ಕಿ ಅಲ್ಲ, ಸುಮ್ಮನೆ ಕಣ್ಣಿನಿಂದ ಇಳಿಯುತ್ತಿತ್ತು, ಅವಳು ಒರೆಸುತ್ತಿದ್ದಳು. ಶಾಲೆ ತಪ್ಪಿದ್ದಕ್ಕೂ ಅತ್ತಳು, ನಿನ್ನೆ ರಸ್ತೆಯಲ್ಲಿ ಮಗಳನ್ನು ಎತ್ತಿ ತಿರುಗಿಸಿದ್ದು ನೆನಪಾಗಿಯೂ ಅತ್ತಳು. ಅವಳ ತೊಡೆಯ ಮೇಲೆ ಕೂತ ಇಂಚರ ಮಾತ್ರ ರಸ್ತೆಯ ಮೇಲೆ ಕಣ್ಣಿಟ್ಟು ಕೆಲಸ ಮಾಡುತ್ತಿದ್ದಳು. "ಎಡಕ್ಕೆ! ಅಪ್ಪ, ಹಾರ್ನ್!" ಧರ್ಮೇಶ್ ಎಂದಿಗಿಂತ ನಿಧಾನವಾಗಿ ಓಡಿಸಿದ.

ಭಾನುವಾರ ಮತ್ತೆ ಮೊರ ಬಂತು, ನಲವತ್ತೈದು ಬೀಜವೂ ಬಂದವು. ಆ ಅರ್ಧ ಬೀಜ ಮುತ್ತಮ್ಮನ ಚೀಲದಲ್ಲಿ ಎಲೆ ಅಡಿಕೆಯ ಜೊತೆ ಕೆಂಪಾಗಿತ್ತು, ಅದನ್ನು ಎಸೆದರು. ಸರ್ಕಾರಿ ಶಾಲೆಯ ಫೀಸಿಗೆ ಸೊನ್ನೆ. ವ್ಯಾನಿಗೆ ಸೊನ್ನೆ. ಪುಸ್ತಕ, ಯೂನಿಫಾರಂ ಶಾಲೆಯದೇ. ಬ್ಯಾಗು, ರೇನ್‌ಕೋಟು, ಮನೆಯಲ್ಲಿ ಓದಲು ಬಣ್ಣದ ಇಂಗ್ಲಿಷ್ ಪುಸ್ತಕಗಳು ಎಲ್ಲ ಸೇರಿ ನಾಲ್ಕು ಬೀಜ. ಮೇಘಶ್ರೀಯ ಟ್ಯೂಷನ್ನಿಗೆ ಮೂರು.

"ಡ್ಯಾನ್ಸಿಗೆ?" ಎಂದು ಇಂಚರ ಕೇಳಿದಳು. ಈ ಸಲ ಕೇಳುವವರಿದ್ದರು.

"ನಿಂಗೆ ಎಂತ ಬೇಕು? ಡ್ಯಾನ್ಸೇ ಬೇಕಾ?" ಎಂದಳು ಮೋನಿಕಾ.

"ಡ್ಯಾನ್ಸು ಬೇಡ. ಸೈಕಲ್ ಬೇಕು."

"ಓಹೋ, ಸ್ಟೇರಿಂಗ್ ಬೇಕು ಇವಳಿಗೆ," ಎಂದು ಧರ್ಮೇಶ್ ತಾನೇ ಐದು ಬೀಜ ಎಣಿಸಿ ಪಕ್ಕಕ್ಕಿಟ್ಟ. ಅಲ್ಲಿಗೆ ಹನ್ನೆರಡಾಯಿತು. ಇನ್ನು ಮೂವತ್ತು ಪೋಸ್ಟ್ ಆಫೀಸಿನ ಆರ್‌ಡಿಗೆ, ತಿಂಗಳಿಗೆ ಎರಡೂವರೆ ಸಾವಿರದ ಹಾಗೆ. ಹೊಟ್ಟೆ ಗಟ್ಟಿಯಾದ ಮೇಲೆ ದೊಡ್ಡ ಶಾಲೆಗೆ ಬೇಕಾಗುತ್ತದಲ್ಲ. ಮೋನಿಕಾ ಆ ಮೂವತ್ತನ್ನು ಒಂದು ಲೋಟಕ್ಕೆ ತುಂಬಿ ಮುಚ್ಚಿಟ್ಟಳು. ಮೊರದ ನಡುವೆ ಮೂರು ಬೀಜ ಉಳಿದವು.

"ಇದೆಂತಕ್ಕೆ?" ಎಂದರು ಮುತ್ತಮ್ಮ. "ನಿಮ್ ಎಲೆ ಅಡಿಕೆಗೆ ಅತ್ತೆ," ಎಂದು ಮೋನಿಕಾ ಅವರ ಕಡೆ ಸರಿಸಿದಳು. ಅವರು ಧರ್ಮೇಶ್‌ನ ಕಡೆ ಸರಿಸಿದರು. ಅವನು ಸ್ವಲ್ಪ ಹೊತ್ತು ಬೆರಳಿನಲ್ಲಿ ಅವನ್ನು ಉರುಳಿಸುತ್ತಾ ಕೂತಿದ್ದ. ಆಮೇಲೆ ಮೂರನ್ನೂ ಟ್ಯೂಷನ್ನಿನ ಗುಂಪಿಗೆ ಸೇರಿಸಿ ಮೋನಿಕಾಳ ಮುಂದೆ ತಳ್ಳಿದ.

"ಇದು ನಿಂದು. ಮೇಘಶ್ರೀ ಹತ್ರ ಮಾತಾಡಿ ಆಗಿದೆ. ಇಬ್ರಿಗೂ ಒಟ್ಟಿಗೇ ಹೇಳ್ಕೊಡ್ತಾಳಂತೆ."

"ಇಬ್ರು ಯಾರು?"

"ಇಂಚರ ಒಬ್ಬಳು. ಇನ್ನೊಬ್ಬಳು ಟವೆಲ್ ರೂಮಲ್ಲಿ ಬಾಗ್ಲು ಹಾಕ್ಕೊಂಡು ನಿಂತಿದ್ದೋಳು. ನಿಮ್ ಹೋಂಸ್ಟೇ ಯಜಮಾನ್ರು ನಂಗೆ ಅವತ್ತೇ ಹೇಳಿದ್ರು, ನಕ್ಕಿದ್ದು ತಪ್ಪಾಯ್ತು ಅಂತ."

ಮೋನಿಕಾ ಗಂಡನ ಮುಖ ನೋಡಿದಳು. ಡಿಸೆಂಬರಿನಿಂದ ಒಂದು ಮಾತೂ ಆಡದೆ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ ಈ ಮಾರಾಯ! ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. "ಈ ವಯಸ್ಸಲ್ಲಿ ಎಂತ ಟ್ಯೂಷನ್ನು," ಎಂದು ಗೊಣಗುತ್ತಾ ಆ ಮೂರು ಬೀಜವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಜೂನ್ ಬಂತು, ಶಾಲೆ ಶುರುವಾಯಿತು. ಇಂಚರ ಅಜ್ಜಿಯ ಕೈ ಹಿಡಿದು ನಡೆದುಕೊಂಡೇ ಹೋದಳು. ದಾರಿಯಲ್ಲಿ ಒಂದು ತಿರುವು ಇದೆ, ಅಲ್ಲಿ "ಬಲಕ್ಕೆ!" ಎಂದು ಕೂಗಿ ಓಡಿದಳಂತೆ. ಸಂಜೆ ಮೋನಿಕಾ ಕೆಲಸದಿಂದ ಬಂದು, ಮುಖ ತೊಳೆದು, ಮಗಳ ಜೊತೆ ಮೇಘಶ್ರೀಯ ಮನೆಯ ಜಗಲಿಗೆ ಹೋದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ಅಮ್ಮ ಮಗಳು ಒಂದೇ ಚಾಪೆಯ ಮೇಲೆ, ಒಂದೇ ಪುಸ್ತಕದ ಮುಂದೆ. ಮೇಘಶ್ರೀ ಮೊದಲ ಸಾಲು ಓದಿ ತೋರಿಸಿದಳು. ಮೋನಿಕಾ ಗಂಟಲು ಸರಿ ಮಾಡಿಕೊಂಡು, ಆಚೆ ಈಚೆ ಯಾರಾದರೂ ಕೇಳುತ್ತಿದ್ದಾರೇನೋ ಎಂದು ನೋಡಿಕೊಂಡು, ಜೋರಾಗಿ ಓದಿದಳು.

"ಹಾಗಲ್ಲಮ್ಮ," ಎಂದಳು ಇಂಚರ.

ಮೇಘಶ್ರೀ ಗಾಬರಿಯಾಗಿ ಮೋನಿಕಾಳ ಮುಖ ನೋಡಿದಳು. ಮೋನಿಕಾಗೆ ನಗು ಬಂತು, ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಪುಸ್ತಕವನ್ನು ಅವಳ ಕಡೆ ತಿರುಗಿಸಿದಳು.

"ಹೌದಾ? ಹಂಗಾದ್ರೆ ಹೆಂಗೆ ಅಂತ ನೀನೇ ಹೇಳ್ಕೊಡು. ಜೋರಾಗಿ ಹೇಳು ಪುಟ್ಟ, ಮಳೇಲಿ ಕೇಳಲ್ಲ."